ಬೆಕ್ಕನ್ನು ಚೀಲದಿಂದ ಬಿಟ್ಟದ್ದು ನಾನೇ, ಆದರೆ ಎಲ್ಲರೂ ನಕ್ಕಿದ್ದು ಯಾಕೆ?

ಗಂಗಾವತಿ ಗೆಳೆಯ
ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿಯಲ್ಲಿ ಬೀಜ, ಗೊಬ್ಬರ ಮಾರುವ ಒಂದು ಕಂಪನಿಯ ಆಫೀಸಿನಲ್ಲಿದ್ದೇನೆ. ಓದಿದ್ದೆಲ್ಲ ಕನ್ನಡ ಮೀಡಿಯಂ. ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಹೈದರಾಬಾದಿನವರೂ ಇರುವುದರಿಂದ ಅಲ್ಲಿ ಇಂಗ್ಲಿಷೇ ನಡೆಯುತ್ತದೆ.

ನಮ್ಮ ಬ್ರಾಂಚ್ ಸಾಹೇಬರಿಗೆ ಪ್ರಮೋಷನ್ ಆಗಿ ವರ್ಗವಾಯಿತು. ಅವರಿಗೆ ಗೊತ್ತಾಗದ ಹಾಗೆ ಶನಿವಾರ ಬೀಳ್ಕೊಡುಗೆ ಮಾಡೋಣ ಅಂತ ತಲೆಗೆ 300 ರೂಪಾಯಿ ಸೇರಿಸಿದೆವು. ಗುರುವಾರ ಸಾಹೇಬರು ಫೋನ್ ಮಾಡಿ, ಶನಿವಾರ ಮಧ್ಯಾಹ್ನ ಸಿಂಧನೂರಿಗೆ ಹೋಗಿ ಬರೋಣ ಅಂದರು. ನಾನು ಯೋಚನೆ ಮಾಡದೆ, "ಶನಿವಾರ ಬೇಡ ಸರ್, ಕೇಕ್ ಬರೋದೇ ಮೂರು ಗಂಟೆಗೆ" ಅಂದುಬಿಟ್ಟೆ. ಮುಗೀತು ಕಥೆ.

ತಪ್ಪು ಒಪ್ಪಿಕೊಳ್ಳೋಣ ಅಂತ, ಸಾಹೇಬರು ಇಲ್ಲದ ಗುಂಪಿನಲ್ಲಿ ಹೀಗೆ ಹಾಕಿದೆ: "ಸಾರಿ ಆಲ್, ಐ ಲೀವ್ಡ್ ಎ ಕ್ಯಾಟ್ ಫ್ರಮ್ ದಿ ಬ್ಯಾಗ್." ಹೈದರಾಬಾದಿನ ಒಬ್ಬರು "ವಿಚ್ ಕ್ಯಾಟ್?" ಅಂತ ಕೇಳಿ ನಗುವ ಮುಖ ಹಾಕಿದರು. ಆಮೇಲೆ ಒಬ್ಬೊಬ್ಬರೇ ಬೆಕ್ಕಿನ ಫೋಟೋ ಹಾಕಲು ಶುರು ಮಾಡಿದರು. ಇವತ್ತಿಗೂ ನಿಂತಿಲ್ಲ.

ಗುಟ್ಟು ಬಯಲಾಯಿತು ಅನ್ನುವುದಕ್ಕೆ ಈ ಮಾತು ಇದೆ ಅಂತ ನನಗೆ ಗೊತ್ತು. ಹಾಗಾದರೆ ನಾನು ತಪ್ಪಿದ್ದು ಎಲ್ಲಿ? ಇದನ್ನು ಎಲ್ಲಿ ಬಳಸಬಹುದು, ಎಲ್ಲಿ ಬಳಸಬಾರದು? ತಿಳಿದವರು ಹೇಳಿ.

ಸಿಂಧನೂರು ಶರಣ
ಗೆಳೆಯಾ, ನೀನು ಮಾತು ಬಳಸಿದ ಜಾಗವೇ ತಪ್ಪು. ಅದರ ಹಿಂದೆ ಕಥೆ ಇದೆ, ಕೇಳು. ಹಿಂದೆ ಇಂಗ್ಲೆಂಡಿನ ಸಂತೆಯಲ್ಲಿ ಹಂದಿಮರಿಯನ್ನು ಚೀಲದಲ್ಲಿ ಕಟ್ಟಿ ಮಾರುತ್ತಿದ್ದರು. ಮೋಸಗಾರರು ಹಂದಿಮರಿ ಬದಲು ಬೆಕ್ಕು ತುಂಬುತ್ತಿದ್ದರು. ಕೊಂಡವನು ಮನೆಗೆ ಹೋಗಿ ಬಿಚ್ಚಿದರೆ ಬೆಕ್ಕು ಜಿಗಿಯುತ್ತಿತ್ತು, ಮೋಸ ಬಯಲಾಗುತ್ತಿತ್ತು. ಅದಕ್ಕೆ ಮೋಸ ಹೊರಬಿದ್ದಾಗ ಮಾತ್ರ ಈ ಮಾತು. ನಿನ್ನದು ಮೋಸ ಅಲ್ಲ, ಕೇಕ್. ನಗದೆ ಏನು ಮಾಡುತ್ತಾರೆ?

ಮಾನವಿ ಮನೆಮಾತು
ಬೆಕ್ಕನ್ನು ಚೀಲದಲ್ಲಿ ಹಾಕಿ ಬಿಡುವ ವಿಷಯ ನನಗೆ ಚೆನ್ನಾಗಿ ಗೊತ್ತು ರೀ. ನಮ್ಮ ಮನೆಯಲ್ಲಿ ಹಾಲು ಉಳಿಯುತ್ತಿರಲಿಲ್ಲ. ನಮ್ಮತ್ತೆ ಗೋಣಿಚೀಲದಲ್ಲಿ ಬೆಕ್ಕು ತುಂಬಿಸಿ, ನಮ್ಮ ಮೈದುನನ ಕೈಯಲ್ಲಿ ಕಾಲುವೆ ಆಚೆ ಬಿಡಿಸಿದರು. ದಾರಿ ಕಾಣಬಾರದು ಅಂತ ಚೀಲದ ಬಾಯಿ ಬಿಗಿ ಕಟ್ಟಿದ್ದರು. ಮೂರನೇ ದಿನ ಬೆಳಿಗ್ಗೆ ಅದೇ ಬೆಕ್ಕು ಅಡುಗೆಮನೆ ಕಟ್ಟೆ ಮೇಲೆ! ಬಿಡೋದಾದರೆ ಎರಡು ಊರು ದಾಟಿಸಿ ಬಿಡಿ.

ಗಂಗಾವತಿ ಗೆಳೆಯ
ಅಕ್ಕಾ, ನನ್ನ ಹತ್ತಿರ ಬೆಕ್ಕಿಲ್ಲ.

ಬಳ್ಳಾರಿ ಕರಡುತಿದ್ದಿ
ತಮ್ಮಾ, ನಾನು ಅನುವಾದ ಮತ್ತು ಕರಡು ತಿದ್ದುವ ಕೆಲಸ ಮಾಡುವವಳು. ನೀನು ಬಳಸಿದ ಜಾಗ ಬರೋಬ್ಬರಿ ಸರಿ ಇದೆ. ಶರಣ ಅವರು ಹೇಳಿದ ಹಾಗೆ ಅದು ಮೋಸಕ್ಕೆ ಮಾತ್ರ ಮೀಸಲಲ್ಲ. ಇವತ್ತಿನ ಇಂಗ್ಲಿಷಿನಲ್ಲಿ ಅದು ಹೆಚ್ಚಾಗಿ ಕೇಳುವುದೇ ಹುಟ್ಟುಹಬ್ಬ, ನಿಶ್ಚಿತಾರ್ಥ, ಬಸುರಿಯ ಸುದ್ದಿ, ಹೊಸ ಕೆಲಸ, ಇಂಥ ಗುಟ್ಟುಗಳ ಸುತ್ತ. ಯಾರೋ ಮುಚ್ಚಿಟ್ಟಿದ್ದನ್ನು ಇನ್ಯಾರೋ ಬಾಯಿ ತಪ್ಪಿ ಹೇಳಿಬಿಡುತ್ತಾರೆ. ನಿನ್ನ ಕೇಕಿಗಿಂತ ಒಳ್ಳೆ ಉದಾಹರಣೆ ನನಗೂ ಹೊಳೆಯಲಿಕ್ಕಿಲ್ಲ.

ನೀನು ಜಾರಿದ್ದು ಕನ್ನಡದ ಒಂದೇ ಪದದಿಂದ. ನಮ್ಮಲ್ಲಿ "ಬಿಡು" ಅನ್ನುವುದು ಎಷ್ಟೊಂದು ಕೆಲಸ ಮಾಡುತ್ತದೆ ನೋಡು. ಊರು ಬಿಟ್ಟೆ, ಕುರಿ ಬಿಟ್ಟೆ, ಒಳಗೆ ಬಿಟ್ಟೆ, ಹೇಳಿಬಿಟ್ಟೆ. ಇಂಗ್ಲಿಷಿನಲ್ಲಿ ಇವಕ್ಕೆ ಬೇರೆ ಬೇರೆ ಪದ. ಊರು ಬಿಡುವುದಕ್ಕೆ "ಲೀವ್". ತಡೆದದ್ದನ್ನು ಹೋಗಲು ಬಿಡುವುದಕ್ಕೆ "ಲೆಟ್". ನೀನು ಬೆಕ್ಕನ್ನು ಬಿಟ್ಟೆ ಅಂತ ಮನಸ್ಸಿನಲ್ಲಿ ಕನ್ನಡದಲ್ಲಿ ಅಂದುಕೊಂಡೆ, ಕೈ ಹೋಗಿದ್ದು ಲೀವ್ ಕಡೆಗೆ. ಅದನ್ನೇ ಬಳಸಿದ್ದರೂ ಹಿಂದಿನ ಕಾಲಕ್ಕೆ "ಲೆಫ್ಟ್" ಆಗಬೇಕಿತ್ತು, "ಲೀವ್ಡ್" ಅನ್ನುವುದು ಇಲ್ಲ. "ಲೆಟ್"ಗೆ ಆ ತಲೆನೋವೇ ಇಲ್ಲ. ನಿನ್ನೆ ಬಿಟ್ಟರೂ ಲೆಟ್, ಇವತ್ತು ಬಿಟ್ಟರೂ ಲೆಟ್.

ಆಮೇಲೆ "ಚೀಲದಿಂದ" ಅಂದುಕೊಂಡೆ, "ಫ್ರಮ್" ಬಂತು. ಇಲ್ಲಿ ಬೇಕಾದ್ದು "ಔಟ್ ಆಫ್". ಒಳಗೆ ಮುಚ್ಚಿಟ್ಟದ್ದು ಹೊರಗೆ ಬಂತು ಅನ್ನುವ ಚಿತ್ರ ಇರುವುದೇ ಆ "ಔಟ್"ನಲ್ಲಿ.

ಆದರೆ ಜನ ನಕ್ಕಿದ್ದು ಇವೆರಡಕ್ಕಿಂತ ಜಾಸ್ತಿ "ಎ ಕ್ಯಾಟ್" ಅಂದಿದ್ದಕ್ಕೆ ಅಂತ ನನ್ನ ಊಹೆ. "ದಿ ಕ್ಯಾಟ್" ಅಂದರೆ ಆ ಮಾತಿನ ಬೆಕ್ಕು, ಎಲ್ಲರಿಗೂ ಗೊತ್ತಿರುವ ಬೆಕ್ಕು. "ಎ ಕ್ಯಾಟ್" ಅಂದ ಕೂಡಲೇ ಅದಕ್ಕೆ ಜೀವ ಬಂತು, ಬಾಲ ಬಂತು. ಯಾವುದೋ ಒಂದು ಬೆಕ್ಕು ಗಂಗಾವತಿ ಆಫೀಸಿನಲ್ಲಿ ಓಡಾಡುತ್ತಿದೆ ಅನ್ನಿಸಿತು. ಅದಕ್ಕೇ "ಯಾವ ಬೆಕ್ಕು?" ಅಂತ ಕೇಳಿದ್ದು.

ನೀನು ಬರೆಯಬೇಕಾದದ್ದು ಇಷ್ಟೇ: "ಸಾರಿ ಆಲ್, ಐ ಲೆಟ್ ದಿ ಕ್ಯಾಟ್ ಔಟ್ ಆಫ್ ದಿ ಬ್ಯಾಗ್." ಯಾವ ಗುಟ್ಟು ಅಂತ ಹೇಳಬೇಕಾದರೆ ಕೊನೆಗೆ "ಅಬೌಟ್ ದಿ ಪಾರ್ಟಿ" ಸೇರಿಸು.

ಗಂಗಾವತಿ ಗೆಳೆಯ
ಅಕ್ಕಾ, "ಬಿಡು" ವಿಷಯ ಖರೇನ. ನಾನು ಕನ್ನಡದಲ್ಲೇ ಯೋಚಿಸಿದ್ದೆ. ಒಂದು ಅನುಮಾನ. ಪದಗಳನ್ನು ಸ್ವಲ್ಪವೂ ಬದಲಿಸಬಾರದಾ? ಬ್ಯಾಗ್ ಬದಲು ಸ್ಯಾಕ್, ಕ್ಯಾಟ್ ಬದಲು ಕಿಟನ್? ಚಿಕ್ಕ ಗುಟ್ಟು ಇದ್ದರೆ ಮರಿ ಬೆಕ್ಕು ಅಂತ!

ಬಳ್ಳಾರಿ ಕರಡುತಿದ್ದಿ
ತಮಾಷೆಗೆ ಮರಿ ಬೆಕ್ಕು ಅನ್ನಬಹುದು, ಇಂಗ್ಲಿಷಿನವರೂ ಹಾಗೆ ಆಟ ಆಡುತ್ತಾರೆ. ಆದರೆ ಮೂಲ ಮಾತು ಸರಿಯಾಗಿ ಬರುತ್ತದೆ ಅಂತ ಎದುರಿನವರಿಗೆ ಗೊತ್ತಿದ್ದರೆ ಮಾತ್ರ ಅದು ತಮಾಷೆ. ಇಲ್ಲದಿದ್ದರೆ ತಪ್ಪು ಅಂತಲೇ ಓದುತ್ತಾರೆ. "ಕೋಣನ ಮುಂದೆ ಕಿನ್ನರಿ" ಅನ್ನುವುದನ್ನು ಯಾರಾದರೂ "ಎಮ್ಮೆಯ ಮುಂದೆ ಗಿಟಾರ್" ಅಂದರೆ ನಮಗೆ ಹೇಗೆ ಅನ್ನಿಸುತ್ತದೋ ಹಾಗೆ.

ಬದಲಾಗುವುದು ಏನು ಅಂದರೆ, ಬಿಟ್ಟವರು ಯಾರು ಅನ್ನುವುದು ಮತ್ತು ಕಾಲ. "ಡೋಂಟ್ ಲೆಟ್ ದಿ ಕ್ಯಾಟ್ ಔಟ್ ಆಫ್ ದಿ ಬ್ಯಾಗ್" ಅಂದರೆ ಬಾಯಿ ಬಿಡಬೇಡ ಅಂತ ಎಚ್ಚರಿಸುವುದು. ಯಾರು ಬಿಟ್ಟರು ಅಂತ ಹೇಳುವುದು ಬೇಡ, ಅಥವಾ ಗೊತ್ತಿಲ್ಲ, ಅಂದಾಗ "ದಿ ಕ್ಯಾಟ್ ಈಸ್ ಔಟ್ ಆಫ್ ದಿ ಬ್ಯಾಗ್" ಅಂದರೆ ಸಾಕು. ಗುಟ್ಟು ಹೊರಬಿದ್ದಾಗಿದೆ, ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ ಅಂತ. ಆಫೀಸಿನಲ್ಲಿ ಈ ಎರಡನೇ ರೂಪ ಜಾಸ್ತಿ ಉಪಯೋಗಕ್ಕೆ ಬರುತ್ತದೆ, ಯಾಕೆಂದರೆ ಯಾರ ಮೇಲೂ ಬೆರಳು ತೋರಿಸಿದ ಹಾಗಾಗುವುದಿಲ್ಲ.

ಮಾನವಿ ಅಕ್ಕನ ಬೆಕ್ಕು ನೆನಪಾಗಿ ನಗು ಬಂತು. ನಮ್ಮ ಕಡೆ ಚೀಲದಿಂದ ಬಿಟ್ಟ ಬೆಕ್ಕು ಮನೆಗೆ ವಾಪಸ್ ಬರುತ್ತದೆ. ಇಂಗ್ಲಿಷಿನ ಬೆಕ್ಕು ಚೀಲಕ್ಕೆ ವಾಪಸ್ ಹೋಗುವುದಿಲ್ಲ. ಆಡಿದ ಮಾತನ್ನು ನುಂಗುವ ಹಾಗಿಲ್ಲವಲ್ಲ, ಹಾಗೆ.

ಮಾನವಿ ಮನೆಮಾತು
ನಮ್ಮ ಬೆಕ್ಕೂ ಚೀಲಕ್ಕೆ ವಾಪಸ್ ಹೋಗಲಿಲ್ಲ ರೀ. ಚೀಲ ಕಂಡರೆ ಈಗ ಅಟ್ಟ ಹತ್ತುತ್ತದೆ.

ಕುಷ್ಟಗಿ ಕುರಿಸಂತೆ
ನಾನು ಕುರಿ ವ್ಯಾಪಾರದವನು, ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ಶರಣಪ್ಪ ಹೇಳಿದ ಸಂತೆ ಕಥೆ ನನಗೆ ಒಗ್ಗಲಿಲ್ಲ. ಸಂತೆಗೆ ಬಂದವನು ಪ್ರಾಣಿಯನ್ನು ಮುಟ್ಟದೆ ಕೊಳ್ಳುತ್ತಾನಾ? ನಾವು ಕುರಿಯ ಬೆನ್ನು ಹಿಡಿದು ನೋಡುತ್ತೇವೆ, ಬಾಯಿ ತೆರೆದು ಹಲ್ಲು ನೋಡುತ್ತೇವೆ. ಹಾಲುಹಲ್ಲಾ, ಎರಡು ಹಲ್ಲಾ, ಬಾಯಿ ಕೂಡಿದೆಯಾ ಅಂತ ನೋಡದೆ ರೇಟಿನ ಮಾತೇ ಎತ್ತುವುದಿಲ್ಲ. ರೇಟು ಮಾತ್ರ ಗುಟ್ಟು, ಅದನ್ನು ಟವೆಲ್ ಕೆಳಗೆ ಬೆರಳು ಹಿಡಿದು ಮುಗಿಸುತ್ತೇವೆ. ಚೀಲದೊಳಗೆ ಹಂದಿಮರಿ ಇದ್ದರೆ ಗುರ್ ಅನ್ನುತ್ತದೆ, ಬೆಕ್ಕಿದ್ದರೆ ಪರಚುತ್ತದೆ, ಕೂಗುತ್ತದೆ. ಹೆಗಲಿಗೆ ಹಾಕಿದ ಕೂಡಲೇ ಗೊತ್ತಾಗುವುದಿಲ್ಲವಾ? ಇಂಗ್ಲೆಂಡಿನವರು ಅಷ್ಟು ದಡ್ಡರಾ?

ಸಿಂಧನೂರು ಶರಣ
ಅಣ್ಣಾ, ನಾನು ಕಟ್ಟಿದ ಕಥೆಯಲ್ಲ ಇದು, ಎಲ್ಲ ಕಡೆ ಹೀಗೇ ಬರೆದಿದ್ದಾರೆ. ಇನ್ನೊಂದು ಕಥೆಯೂ ಇದೆ. ಹಡಗಿನಲ್ಲಿ ಶಿಕ್ಷೆ ಕೊಡಲು ಒಂಬತ್ತು ಎಳೆಯ ಚಾಟಿ ಇರುತ್ತಿತ್ತು, ಅದಕ್ಕೆ "ಕ್ಯಾಟ್" ಅಂತ ಹೆಸರು. ಅದನ್ನು ಚೀಲದಲ್ಲಿ ಇಡುತ್ತಿದ್ದರು.

ಬಳ್ಳಾರಿ ಕರಡುತಿದ್ದಿ
ಚಾಟಿಯ ಕಥೆ ಬಿಡಿ. ಆ ಚಾಟಿ ಇದ್ದದ್ದು ನಿಜ. ಆದರೆ ಚೀಲದಿಂದ ಚಾಟಿ ತೆಗೆದರೆ ಏಟು ಬೀಳುತ್ತದೆ, ಗುಟ್ಟು ಎಲ್ಲಿಂದ ಬಯಲಾಗುತ್ತದೆ? ಅರ್ಥವೇ ಕೂಡುವುದಿಲ್ಲ.

ಸಂತೆಯ ಕಥೆಯ ಬಗ್ಗೆ ಕುಷ್ಟಗಿ ಅಣ್ಣನ ಅನುಮಾನವೇ ನನ್ನದೂ. ಈ ಮಾತು ಬರಹದಲ್ಲಿ ಹಳೆಯದಾಗಿ ಸಿಗುವುದು 1760ರಲ್ಲಿ, ಲಂಡನ್ ಮ್ಯಾಗಜೀನ್ ಅನ್ನುವ ಪತ್ರಿಕೆಯ ಒಂದು ಪುಸ್ತಕ ವಿಮರ್ಶೆಯಲ್ಲಿ. ಲೇಖಕ ಬೆಕ್ಕನ್ನು ಚೀಲದಿಂದ ಹೊರಗೆ ಬಿಡದೆ ಇದ್ದಿದ್ದರೆ ಚೆನ್ನಾಗಿತ್ತು ಅಂತ ವಿಮರ್ಶಕ ಗೊಣಗುತ್ತಾನೆ. ಅಲ್ಲಿ ಸಂತೆಯೂ ಇಲ್ಲ, ಹಂದಿಯೂ ಇಲ್ಲ, ಗುಟ್ಟು ಬಿಟ್ಟುಕೊಟ್ಟ ಅನ್ನುವ ಅರ್ಥ ಮಾತ್ರ.

ಹಂದಿಮರಿ ಇರುವುದು ಇನ್ನೊಂದು ಮಾತಿನಲ್ಲಿ. "ಬೈ ಎ ಪಿಗ್ ಇನ್ ಎ ಪೋಕ್." ಪೋಕ್ ಅಂದರೆ ಹಳೆಯ ಇಂಗ್ಲಿಷಿನಲ್ಲಿ ಚೀಲ. ನಮ್ಮ ಅಂಗಿಯ ಪಾಕೆಟ್ ಕೂಡ ಅದೇ ಬಳಗದ್ದು, ಸಣ್ಣ ಚೀಲ ಅಂತ. ಇದು ಬೆಕ್ಕಿನ ಮಾತಿಗಿಂತ ತುಂಬ ಹಳೆಯದು. ಒಳಗೆ ಏನಿದೆ ಅಂತ ನೋಡದೆ ಕೊಂಡು ಮೋಸ ಹೋಗುವುದಕ್ಕೆ ಹೇಳುತ್ತಾರೆ. ನೋಡದೆ ಸೆಕೆಂಡ್ ಹ್ಯಾಂಡ್ ಬೈಕಿಗೆ ಅಡ್ವಾನ್ಸ್ ಕಳಿಸಿದವನಿಗೆ ಹೇಳಬೇಕಾದ ಮಾತು. ಎರಡರಲ್ಲೂ ಚೀಲ ಇದೆ ಅಂತ ಯಾರೋ ಆಮೇಲೆ ಎರಡನ್ನೂ ಸೇರಿಸಿ ಕಥೆ ಹೊಲಿದಂತಿದೆ.

ಸಿಂಧನೂರು ಶರಣ
ಹಾಗಾದರೆ ಒಂದು ಕೇಳುತ್ತೇನೆ ಅಕ್ಕಾ. ನನ್ನ ಗೆಳೆಯ ಜರ್ಮನ್ ಕಲಿಯುತ್ತಿದ್ದಾನೆ. ಜರ್ಮನಿನಲ್ಲೂ ಗುಟ್ಟು ಬಿಡುವುದಕ್ಕೆ ಬೆಕ್ಕನ್ನು ಚೀಲದಿಂದ ಬಿಡುವುದು ಅನ್ನುತ್ತಾರಂತೆ. ನೋಡದೆ ಕೊಳ್ಳುವುದಕ್ಕೂ ಅವರು ಹಂದಿ ಅನ್ನುವುದಿಲ್ಲ, ಚೀಲದಲ್ಲಿರುವ ಬೆಕ್ಕನ್ನು ಕೊಳ್ಳುವುದು ಅನ್ನುತ್ತಾರೆ. ಎರಡೂ ಮಾತಿನಲ್ಲಿ ಅದೇ ಬೆಕ್ಕು, ಅದೇ ಚೀಲ. ಅಂದರೆ ನಂಟು ಇರಲೇಬೇಕಲ್ವಾ?

ಬಳ್ಳಾರಿ ಕರಡುತಿದ್ದಿ
ಇದು ಗಟ್ಟಿ ಪ್ರಶ್ನೆ. ಸ್ಪ್ಯಾನಿಷಿನಲ್ಲೂ ಮೊಲ ಅಂತ ಹೇಳಿ ಬೆಕ್ಕು ಕೊಟ್ಟರು ಅನ್ನುವ ಮಾತಿದೆ, ಮೋಸಕ್ಕೆ. ಬೆಕ್ಕು ದಾಟಿಸುವ ಕಲ್ಪನೆ ಯುರೋಪಿನಲ್ಲಿ ಹರಡಿದ್ದು ಹೌದು. ಮಾತಿನಲ್ಲಿ ನಂಟು ಇರಬಹುದು ಅಂತ ಒಪ್ಪುತ್ತೇನೆ. ಸಂತೆಯಲ್ಲಿ ದಿನಾ ಹೀಗೆ ನಡೆಯುತ್ತಿತ್ತು ಅನ್ನುವುದನ್ನು ಮಾತ್ರ ಒಪ್ಪುವುದಿಲ್ಲ. ಗಾದೆ ಇದೆ ಅಂದ ಮಾತ್ರಕ್ಕೆ ಘಟನೆ ನಡೆದಿರಬೇಕಾಗಿಲ್ಲ. ಕೋಣನ ಮುಂದೆ ಯಾರೂ ಕೂತು ಕಿನ್ನರಿ ಬಾರಿಸಿರಲಿಕ್ಕಿಲ್ಲ.

ಸಿಂಧನೂರು ಶರಣ
ನನಗೆ ಇನ್ನೂ ಸಂತೆಯೇ ಸರಿ ಅನ್ನಿಸುತ್ತದೆ. ಇರಲಿ.

ಎಕ್ಸಾಮ್ ಓದುಗ ಕೊಪ್ಪಳ
ನಡುವೆ ಬಂದೆ, ಕ್ಷಮಿಸಿ. ಮಾಕ್ ಟೆಸ್ಟಿನಲ್ಲಿ ಇದೇ ಪ್ರಶ್ನೆ ಬಂದಿತ್ತು. ನಾನು "ಜಗಳ ಹಚ್ಚುವುದು" ಅಂತ ಉತ್ತರ ಗುರುತಿಸಿ ಮಾರ್ಕ್ಸ್ ಕಳೆದುಕೊಂಡೆ. ಬೆಕ್ಕಿನದ್ದು ಅಂತ ಮಾತ್ರ ನೆನಪಿತ್ತು. ಒಂದು ಬೆಕ್ಕು ಇನ್ನೊಂದಕ್ಕೆ ಕಲೆಸಿಹೋಗುತ್ತದೆ. ಏನು ಮಾಡಬೇಕು?

ಬಳ್ಳಾರಿ ಕರಡುತಿದ್ದಿ
ನೀವು ನೆನಪಿಟ್ಟುಕೊಂಡದ್ದು "ಸೆಟ್ ದಿ ಕ್ಯಾಟ್ ಅಮಂಗ್ ದಿ ಪಿಜನ್ಸ್". ಪಾರಿವಾಳಗಳ ನಡುವೆ ಬೆಕ್ಕು ಬಿಟ್ಟ ಹಾಗೆ, ಒಂದು ಮಾತು ಹೇಳಿ ಗಲಾಟೆ ಎಬ್ಬಿಸುವುದು. ಪ್ರಾಣಿಯ ಹೆಸರು ಬಾಯಿಪಾಠ ಮಾಡಿದರೆ ಹೀಗೇ ಆಗುವುದು. ಬೆಕ್ಕು ಎಲ್ಲಿದೆ ಅಂತ ಚಿತ್ರ ನೋಡಿ. ಚೀಲದಲ್ಲಿದ್ದರೆ ಅದೇ ಗುಟ್ಟು. ಪಾರಿವಾಳಗಳ ನಡುವೆ ಇದ್ದರೆ ಗಲಾಟೆ. ಕೊರಳಿಗೆ ಗಂಟೆ ಕಟ್ಟಬೇಕಾಗಿದ್ದರೆ ಅದು ಎಲ್ಲರೂ ಹೆದರುವ ದೊಡ್ಡ ಮನುಷ್ಯ. ಆ ಕೊನೆಯದು ನಮ್ಮಲ್ಲೂ ಇದೆ, ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅಂತ. ಅದನ್ನು ಓದಲೇಬೇಕಾಗಿಲ್ಲ, ಬಂದೇ ಬರುತ್ತದೆ.

ಕುಷ್ಟಗಿ ಕುರಿಸಂತೆ
ಹಲ್ಲು ನೋಡುವ ಮಾತು ಇಂಗ್ಲಿಷಿನಲ್ಲಿ ಇಲ್ಲವಾ ತಂಗಿ? ನಮ್ಮಲ್ಲಿ ದಾನ ಕೊಟ್ಟ ಆಕಳ ಹಲ್ಲು ಎಣಿಸಿದರು ಅನ್ನುತ್ತೇವಲ್ಲ.

ಬಳ್ಳಾರಿ ಕರಡುತಿದ್ದಿ
ಇದೆ ಅಣ್ಣಾ, ಅವರದು ಕುದುರೆ. "ಡೋಂಟ್ ಲುಕ್ ಎ ಗಿಫ್ಟ್ ಹಾರ್ಸ್ ಇನ್ ದಿ ಮೌತ್." ಪುಕ್ಕಟೆ ಬಂದ ಕುದುರೆಯ ಬಾಯಿ ತೆರೆದು ವಯಸ್ಸು ನೋಡಬೇಡ ಅಂತ. ಅರ್ಥ ಒಂದೇ. ಹಲ್ಲು ನೋಡಿ ಗೊತ್ತಿಲ್ಲದ ಪೇಟೆ ಹುಡುಗರಿಗೆ ನಮ್ಮದೂ ತಿಳಿಯುವುದಿಲ್ಲ, ಅವರದೂ ತಿಳಿಯುವುದಿಲ್ಲ.

ರಾಯಚೂರು ರಿಟೈರ್ಡ್
ನಾನು ಬ್ಯಾಂಕಿನಲ್ಲಿದ್ದವನು. ಎಲ್ಲಿ ಬಳಸಬಾರದು ಅಂತ ಹುಡುಗ ಕೇಳಿದ್ದಕ್ಕೆ ಇನ್ನೂ ಯಾರೂ ಉತ್ತರಿಸಿಲ್ಲ. ನನ್ನ ಕೈಕೆಳಗೆ ಒಬ್ಬ ಹೊಸ ಹುಡುಗ ಇದ್ದ. ಒಬ್ಬ ಗ್ರಾಹಕರ ಸಾಲದ ವಿವರ ಅವರ ಸಂಬಂಧಿಕರಿಗೆ ಗೊತ್ತಾಗಿಬಿಟ್ಟಿತ್ತು. ಗ್ರಾಹಕರು ದೂರು ಕೊಟ್ಟರು. ಆ ಹುಡುಗ ಬರೆದ ಉತ್ತರದಲ್ಲಿ ನಮ್ಮ ಸಿಬ್ಬಂದಿ ಬೆಕ್ಕನ್ನು ಚೀಲದಿಂದ ಬಿಟ್ಟದ್ದಕ್ಕೆ ವಿಷಾದಿಸುತ್ತೇವೆ ಅಂತಿತ್ತು. ಇಂಗ್ಲಿಷು ಸರಿಯೇ ಇತ್ತು. ಲೆಟ್, ದಿ, ಔಟ್ ಆಫ್, ಎಲ್ಲ ಸರಿ. ಆದರೆ ಅದನ್ನು ಹಾಗೇ ಕಳಿಸಿದ್ದರೆ ಆ ಗ್ರಾಹಕರು ಬ್ಯಾಂಕಿಗೇ ಬಂದು ಕೂಗಾಡುತ್ತಿದ್ದರು. ನಿಮ್ಮ ಮರ್ಯಾದೆ ಹೋಗಿದೆ, ನಮಗೆ ಬೆಕ್ಕಿನ ಆಟ ಅಂದ ಹಾಗೆ ಕೇಳುತ್ತದೆ. ವಿವರ ಬಹಿರಂಗವಾಗಿದೆ ಅಂತ ನೇರವಾಗಿ, "ಡಿಸ್‌ಕ್ಲೋಸ್" ಪದ ಹಾಕಿ ಬರೆಸಿದೆ.

ಈ ಮಾತಿನ ದನಿ ಹಗುರ. ಪೊಲೀಸ್ ದೂರು, ಕೋರ್ಟಿನ ಕಾಗದ, ಕ್ಷಮೆ ಕೇಳುವ ಪತ್ರ, ಇಲ್ಲೆಲ್ಲ ಬೇಡ. ನನ್ನ ಪ್ರಕಾರ ಮೇಲಧಿಕಾರಿ ಇರುವ ಗುಂಪಿನಲ್ಲೂ ಬೇಡ.

ಬಳ್ಳಾರಿ ಕರಡುತಿದ್ದಿ
ಸರ್, ಬ್ಯಾಂಕಿನ ಪತ್ರದ ಮಾತು ನೂರಕ್ಕೆ ನೂರು ಒಪ್ಪಿದೆ. ಕೊನೆಯದು ಒಪ್ಪಲಾರೆ. ಕೇಕಿನ ವಿಷಯಕ್ಕೆ ಮೇಲಧಿಕಾರಿ ಮುಂದೆಯೂ ಈ ಮಾತು ನಡೆಯುತ್ತದೆ. ನೋಡಬೇಕಾದ್ದು ಎದುರಿನವರ ಕುರ್ಚಿ ಅಲ್ಲ, ಗುಟ್ಟಿನಿಂದ ಯಾರಿಗಾದರೂ ಪೆಟ್ಟು ಬಿತ್ತಾ ಅನ್ನುವುದು.

ಇದರ ಜೊತೆ ಇನ್ನೊಂದು. ಬೇಕಂತಲೇ ಹೇಳಿದ್ದಕ್ಕೆ ಈ ಮಾತು ಅಷ್ಟು ಕೂಡುವುದಿಲ್ಲ. ಗೆಳತಿಯನ್ನು ಪಕ್ಕಕ್ಕೆ ಕರೆದು "ಹುಡುಗ ಯಾರು ಹೇಳೇ" ಅಂತ ಪೀಡಿಸುವಾಗ ಇಂಗ್ಲಿಷಿನಲ್ಲಿ "ಸ್ಪಿಲ್ ದಿ ಬೀನ್ಸ್" ಅನ್ನುತ್ತಾರೆ, ಕಾಳು ಚೆಲ್ಲು ಅಂತ. ಅಲ್ಲಿ ಬೆಕ್ಕು ಬಿಡು ಅನ್ನುವುದಿಲ್ಲ. ಬೆಕ್ಕು ಹೆಚ್ಚಾಗಿ ಕೈ ತಪ್ಪಿ ಹೋಗುವಂಥದ್ದು. ಹಾಗೇ ಆಫೀಸಿನ ಲಂಚದ ವಿಷಯವನ್ನು ಧೈರ್ಯ ಮಾಡಿ ಹೊರಗೆ ಹೇಳಿದವರಿಗೂ ಇದನ್ನು ಹೇಳಿದರೆ ಅವರನ್ನು ಬಾಯಿಬಡುಕರು ಅಂದ ಹಾಗಾಗುತ್ತದೆ.

ರಾಯಚೂರು ರಿಟೈರ್ಡ್
ಕುರ್ಚಿಯನ್ನೂ ನೋಡಬೇಕಮ್ಮ. ನೀವು ನನ್ನ ಕಾಲದ ಮ್ಯಾನೇಜರುಗಳನ್ನು ನೋಡಿಲ್ಲ.

ಎಕ್ಸಾಮ್ ಓದುಗ ಕೊಪ್ಪಳ
ಕನ್ನಡದಲ್ಲಿ "ಬೆಕ್ಕು ಚೀಲದಿಂದ ಹೊರಬಿತ್ತು" ಅಂತ ಬರೆದರೆ ನಡೆಯುತ್ತಾ? ಪ್ರಬಂಧದಲ್ಲಿ ಹಾಕೋಣ ಅಂದುಕೊಂಡೆ.

ಬಳ್ಳಾರಿ ಕರಡುತಿದ್ದಿ
ನನ್ನ ಕೈಗೆ ಕರಡು ಬಂದರೆ ಹೊಡೆದುಹಾಕುತ್ತೇನೆ. ಗುಟ್ಟು ರಟ್ಟಾಯಿತು ಅನ್ನುವ ಚಂದದ ಮಾತು ಇರುವಾಗ ಬೆಕ್ಕು ಯಾಕೆ? ಮೊಸಳೆ ಕಣ್ಣೀರು, ಒಂದೇ ಕಲ್ಲಿಗೆ ಎರಡು ಹಕ್ಕಿ, ಇಂಥವು ಎರಡೂ ಭಾಷೆಯಲ್ಲಿ ಹಾಗೇ ನಡೆಯುತ್ತವೆ. ಇದು ನಡೆಯುವುದಿಲ್ಲ. ನಮ್ಮ ಓದುಗರ ಕಣ್ಣಿಗೆ ಮಾನವಿ ಅಕ್ಕನ ಗೋಣಿಚೀಲವೇ ಬರುವುದು.

ಸಿಂಧನೂರು ಶರಣ
ಮೊಸಳೆ ಕಣ್ಣೀರಿಗೂ ಮೊದಲ ಸಲ ಬಂದಾಗ ಜನ ನಕ್ಕಿರಬಹುದಲ್ಲ ಅಕ್ಕಾ? ಬಳಸುತ್ತ ಬಳಸುತ್ತ ನಮ್ಮದಾಗುತ್ತದೆ.

ಗಂಗಾವತಿ ಗೆಳೆಯ
ಎಲ್ಲರಿಗೂ ಶರಣು. ಶನಿವಾರದ ಸುದ್ದಿ ಹೇಳುತ್ತೇನೆ. ಮೂರು ಗಂಟೆಗೆ ಕೇಕ್ ಬಂತು. ಸಾಹೇಬರು ಒಳಗೆ ಬಂದು ಎರಡೂ ಕೈ ಕೆನ್ನೆಗೆ ಹಚ್ಚಿ, ಅಯ್ಯೋ ಇದೇನ್ರಪ್ಪ ಅಂದರು. ಎಷ್ಟು ಚೆನ್ನಾಗಿ ನಟಿಸಿದರು ಅಂದರೆ ನನ್ನ ಮೇಲೆ ಸಿಟ್ಟಾಗಿದ್ದವರೂ ಸುಮ್ಮನಾದರು.

ಆಮೇಲೆ ನಾನು ಹತ್ತಿರ ಹೋಗಿ ಸಾರಿ ಸರ್ ಅಂದೆ. ಅವರು ನಕ್ಕು ಹೇಳಿದ್ದು ಕೇಳಿ. ಬೇಕರಿಯವನು ಬುಧವಾರವೇ ಅವರಿಗೆ ಫೋನ್ ಮಾಡಿ, ಕೇಕ್ ಮೇಲೆ ನಿಮ್ಮ ಹೆಸರಿನ ಸ್ಪೆಲಿಂಗ್ ಹೇಗೆ ಸರ್ ಅಂತ ಕೇಳಿದ್ದನಂತೆ! ನಾನು ಬಾಯಿ ಬಿಟ್ಟಿದ್ದು ಗುರುವಾರ. ಈಗ ಇದನ್ನು ಗುಂಪಿನಲ್ಲಿ ಹಾಕಬೇಕು, ಈ ಸಲ ತಪ್ಪಬಾರದು. ಅಕ್ಕಾ, ಹೇಗೆ ಬರೆಯಲಿ?

ಬಳ್ಳಾರಿ ಕರಡುತಿದ್ದಿ
ಹಾಗಾದರೆ ಬೆಕ್ಕು ಬಿಟ್ಟವನು ನೀನೇ ಅಲ್ಲ! "ದಿ ಕ್ಯಾಟ್ ವಾಸ್ ಆಲ್ರೆಡಿ ಔಟ್ ಆಫ್ ದಿ ಬ್ಯಾಗ್. ದಿ ಬೇಕರ್ ಲೆಟ್ ಇಟ್ ಔಟ್ ಆನ್ ವೆನ್ಸ್‌ಡೇ." ಎರಡನೇ ವಾಕ್ಯದಲ್ಲಿ ಬೆಕ್ಕು ಅಂತ ಮತ್ತೆ ಹೇಳಬೇಕಾಗಿಲ್ಲ, "ಇಟ್" ಸಾಕು. ಸ್ಪೆಲಿಂಗ್ ನೋಡಿಕೊಂಡು ಹಾಕು.

ಗಂಗಾವತಿ ಗೆಳೆಯ
ಹಾಕಿದೆ ಅಕ್ಕಾ. ಹೈದರಾಬಾದಿನವರು ಒಂದು ಬೆಕ್ಕಿನ ಫೋಟೋ ಹಾಕಿದರು, ತಲೆಗೆ ಬೇಕರಿಯವರ ಟೋಪಿ ಇದೆ.

ಮಾನವಿ ಮನೆಮಾತು
ನಮ್ಮ ಬೆಕ್ಕು ನಿನ್ನೆ ಮರಿ ಹಾಕಿದೆ ರೀ, ನಾಲ್ಕು. ಗಂಗಾವತಿ ತಮ್ಮಾ, ಒಂದು ಬೇಕಾದರೆ ಹೇಳು. ಚೀಲ ಬೇಡ, ಬುಟ್ಟಿ ತಗೊಂಡು ಬಾ.